ಟ್ರ್ಯಾಕ್ಟರ್ ವಿಮೆ: ಕೆಲಸ ಬದಲಾದರೆ ರಕ್ಷಣೆಯೂ ಬದಲು

ರಸ್ತೆಗಿಳಿಯುವ ಯಾವ ಟ್ರ್ಯಾಕ್ಟರಿಗೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಓಡುವ ವಾಹನಕ್ಕೆಲ್ಲ ಇದನ್ನು ಕಡ್ಡಾಯ ಮಾಡಿದೆ. ಹೊಲದ ವಾಹನ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮನೆಯಿಂದ ಹೊಲಕ್ಕೆ ಹೋಗುವಾಗ ಊರ ರಸ್ತೆ ದಾಟಿದರೂ ಅದು ಸಾರ್ವಜನಿಕ ಸ್ಥಳವೇ. ವಿಮೆಯಿಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ದಂಡ ದೊಡ್ಡ ಮಾತಲ್ಲ. ಅಪಘಾತದಲ್ಲಿ ಯಾರಾದರೂ ಸತ್ತರೆ ನ್ಯಾಯಮಂಡಳಿ ವಿಧಿಸುವ ಪರಿಹಾರ ಹಲವು ಲಕ್ಷ ದಾಟುತ್ತದೆ. ವಿಮೆ ಇಲ್ಲದಿದ್ದರೆ ಅದು ಜಮೀನಿನ ಮೇಲೇ ಬಂದು ಕೂರುತ್ತದೆ.

ಥರ್ಡ್ ಪಾರ್ಟಿ ವಿಮೆ ಹೊರಗಿನವರಿಗಾದ ಸಾವುನೋವು ಮತ್ತು ಆಸ್ತಿ ಹಾನಿಯನ್ನಷ್ಟೇ ನೋಡಿಕೊಳ್ಳುತ್ತದೆ. ಅದರ ದರವನ್ನು ಕೇಂದ್ರ ಸರ್ಕಾರವೇ ಅಧಿಸೂಚನೆಯ ಮೂಲಕ ಗೊತ್ತುಮಾಡುತ್ತದೆ, ಹಾಗಾಗಿ ಕಂಪನಿಯಿಂದ ಕಂಪನಿಗೆ ಅದು ಬದಲಾಗದು. ಸ್ವಂತ ಟ್ರ್ಯಾಕ್ಟರಿಗೆ ಆಗುವ ಅಪಘಾತ, ಬೆಂಕಿ, ಕಳ್ಳತನ, ಪ್ರವಾಹದ ನಷ್ಟವೂ ಸಿಗಬೇಕೆಂದರೆ ಪ್ಯಾಕೇಜ್ ಪಾಲಿಸಿ ಬೇಕು. ಸಾಲದಲ್ಲಿ ಟ್ರ್ಯಾಕ್ಟರ್ ಕೊಂಡವರಿಗೆ ಸಾಮಾನ್ಯವಾಗಿ ಬ್ಯಾಂಕೇ ಇದನ್ನು ಮಾಡಿಸಿರುತ್ತದೆ. ಸಾಲ ತೀರುತ್ತಿದ್ದಂತೆ ಅನೇಕರು ಪ್ಯಾಕೇಜ್ ಬಿಟ್ಟು ಬರೀ ಥರ್ಡ್ ಪಾರ್ಟಿಗೆ ಇಳಿಯುತ್ತಾರೆ.

ವಿಮೆಯ ಲೆಕ್ಕದಲ್ಲಿ ಕೃಷಿ ಟ್ರ್ಯಾಕ್ಟರ್ ಕಾರಿನ ಸಾಲಿನಲ್ಲೂ ಇಲ್ಲ, ಲಾರಿಯ ಸಾಲಿನಲ್ಲೂ ಇಲ್ಲ. ಅದು ವಾಣಿಜ್ಯ ವಾಹನಗಳೊಳಗಿನ ‘ಇತರ ಮತ್ತು ವಿಶೇಷ ಬಗೆಯ ವಾಹನ’ಗಳ ಗುಂಪಿಗೆ ಸೇರಿದೆ. ಭತ್ತ ಕೊಯ್ಯುವ ಹಾರ್ವೆಸ್ಟರಿನಂಥ ಯಂತ್ರಗಳಿಗೂ ಜಾಗ ಅಲ್ಲಿಯೇ. ಪಾಲಿಸಿ ಹಾಳೆಯಲ್ಲಿ ‘ಬಳಕೆಯ ಮಿತಿ’ ಎಂಬ ಒಂದು ಸಾಲು ಇರುತ್ತದೆ. ಕೃಷಿ ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಅಲ್ಲಿ ಕೃಷಿ ಮತ್ತು ಅರಣ್ಯ ಕೆಲಸಕ್ಕೆ ಮಾತ್ರ ಎಂದು ಬರೆದಿರುತ್ತದೆ. ಪ್ರೀಮಿಯಂ ಎಷ್ಟು ಎಂದು ನೋಡುವವರು ಈ ಸಾಲನ್ನು ಓದುವುದಿಲ್ಲ, ಕ್ಲೇಮು ಬಂದಾಗ ಕಂಪನಿಯವರು ಮೊದಲು ಓದುವುದೇ ಇದನ್ನು.

ಏಕೆಂದರೆ ವರ್ಷವಿಡೀ ಒಂದೇ ಕೆಲಸ ಮಾಡುವ ಟ್ರ್ಯಾಕ್ಟರ್ ಇಲ್ಲ. ಮುಧೋಳದ ಕಡೆಯ ಒಬ್ಬ ಕಬ್ಬು ಬೆಳೆಗಾರನ ಟ್ರ್ಯಾಕ್ಟರನ್ನು ಊಹಿಸಿಕೊಳ್ಳಬಹುದು. ಮುಂಗಾರಿಗೆ ಸ್ವಂತ ಹೊಲ ಉಳುತ್ತದೆ, ಬಳಿಕ ನೆರೆಯವರ ಹೊಲದಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ರೋಟವೇಟರ್ ಹೊಡೆಯುತ್ತದೆ. ಕಾರ್ಖಾನೆ ಶುರುವಾದ ಮೇಲೆ ಮಾರ್ಚ್ ತನಕ ಎಲ್ಲರ ಕಬ್ಬು ಹೇರುತ್ತದೆ. ಬೇಸಿಗೆಯಲ್ಲಿ ಮನೆ ಕಟ್ಟುವವರಿಗೆ ಮರಳು, ಇಟ್ಟಿಗೆ. ನಡುವೆ ಒಂದು ಮದುವೆ ದಿಬ್ಬಣ, ಒಂದು ಜಾತ್ರೆ. ಎಂಜಿನ್ ಅದೇ, ಚಾಲಕ ಅವನೇ, ಪಾಲಿಸಿ ಒಂದೇ. ಆದರೆ ವಿಮೆಯ ಕಣ್ಣಿಗೆ ಇವು ಬೇರೆ ಬೇರೆ ಟ್ರ್ಯಾಕ್ಟರುಗಳು. ಸ್ವಂತ ಉಳುಮೆಯ ಬಗ್ಗೆ ತಕರಾರಿಲ್ಲ. ಬಾಡಿಗೆ ಉಳುಮೆಯೂ ಕೃಷಿಯೇ, ಆದರೂ ಪಾಲಿಸಿಯಲ್ಲಿ ಬಾಡಿಗೆ ಬಳಕೆಯನ್ನು ಹೊರಗಿಟ್ಟಿದ್ದರೆ ತಕರಾರು ಏಳಬಹುದು. ಮರಳು, ಇಟ್ಟಿಗೆ ಸಾಗಣೆ ಮಾತ್ರ ಸ್ಪಷ್ಟವಾಗಿ ಮಿತಿಯ ಹೊರಗೆ.

ಸುಪ್ರೀಂ ಕೋರ್ಟು ಈ ಗೆರೆಯನ್ನು ಹಲವು ಸಲ ಎಳೆದಿದೆ. 2004ರ ಚಿನ್ನಮ್ಮ ಪ್ರಕರಣದಲ್ಲಿ ಟ್ರೇಲರಿನಲ್ಲಿದ್ದದ್ದು ಮಾರುಕಟ್ಟೆಗೆ ಹೊರಟ ತರಕಾರಿ. ತರಕಾರಿ ಕೃಷಿ ಉತ್ಪನ್ನ ಹೌದು; ಆದರೆ ಬೇರೊಬ್ಬರು ತಮ್ಮ ವ್ಯಾಪಾರಕ್ಕೆ ಸರಕು ಸಾಗಿಸಲು ಟ್ರ್ಯಾಕ್ಟರ್ ಮತ್ತು ಟ್ರೇಲರನ್ನು ಬಳಸಿದರೆ ಅದು ಕೃಷಿ ಬಳಕೆ ಆಗದು ಎಂದು ಕೋರ್ಟು ಹೇಳಿತು. ಅಂದರೆ ಹೇರಿನಲ್ಲಿ ಏನಿದೆ ಎಂಬುದರ ಜತೆಗೆ ಯಾರ ಕೆಲಸಕ್ಕೆ ಹೊರಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2007ರ ಬ್ರಿಜ್ ಮೋಹನ್ ಪ್ರಕರಣದಲ್ಲಿ ಗಾಯಗೊಂಡವನು ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುತ್ತಿದ್ದ ಕೂಲಿಕಾರ. ಟ್ರ್ಯಾಕ್ಟರಿಗೆ ಕೃಷಿ ಪಾಲಿಸಿ ಇತ್ತು, ಟ್ರಾಲಿಗೆ ವಿಮೆಯೇ ಇರಲಿಲ್ಲ. ಕಂಪನಿ ಹೊಣೆಯಲ್ಲ ಎಂದೇ ತೀರ್ಪಾಯಿತು. ಆದರೂ ಬಡ ಕೂಲಿಕಾರ ಬರಿಗೈಯಲ್ಲಿ ಹೋಗಬಾರದೆಂದು ಕೋರ್ಟು ತನ್ನ ವಿಶೇಷಾಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ‘ಇನ್ಶೂರೆನ್ಸ್‌ನವರು ಹೇಗೂ ಕೊಟ್ಟರಲ್ಲ’ ಎಂದು ಇಂಥ ತೀರ್ಪುಗಳನ್ನು ಕೇಳಿದ ರೈತರು ನಿಟ್ಟುಸಿರು ಬಿಡುವುದುಂಟು. ಕೊನೆಗೆ ಹಣ ಕೊಡಬೇಕಾದವನು ಮಾಲೀಕನೇ.

ಸಾಗಣೆಯೇ ಮುಖ್ಯ ಕಸುಬಾದರೆ ನೋಂದಣಿಯೂ ಬದಲಾಗಬೇಕಾಗುತ್ತದೆ. ಟ್ರ್ಯಾಕ್ಟರಿಗೆ ಟ್ರೇಲರ್ ಸೇರಿಸಿ ಸರಕು ಸಾಗಿಸಿದರೆ ಆ ಜೋಡಿ ಸರಕು ಸಾಗಣೆ ವಾಹನವೇ ಆಗುತ್ತದೆ, ಪರ್ಮಿಟ್ ಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಕರ್ನಾಟಕ ಸರ್ಕಾರ ಎದುರಾಳಿಯಾಗಿದ್ದ ನಟವರ್ ಪಾರಿಖ್ ಪ್ರಕರಣದಲ್ಲಿ. ಅಲ್ಲಿದ್ದದ್ದು ಕೃಷಿ ಟ್ರ್ಯಾಕ್ಟರ್ ಅಲ್ಲ, ಭಾರಿ ಸರಕು ಎಳೆಯುವ ಟ್ರ್ಯಾಕ್ಟರ್. ಆದರೂ ಮರಳು, ಜಲ್ಲಿ ಹೇರುವ ಕೃಷಿ ಟ್ರ್ಯಾಕ್ಟರುಗಳ ವಿಷಯದಲ್ಲಿ ಈ ತೀರ್ಪಿನ ಮಾತು ಬರುತ್ತದೆ.

ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನ. ಎಂಜಿನ್ ಇಲ್ಲ ಎಂಬುದು ಮುಖ್ಯವಲ್ಲ. ಅದಕ್ಕೆ ಬೇರೆ ಆರ್.ಸಿ., ಬೇರೆ ನಂಬರು ಇರುವಂತೆ ವಿಮೆಯಲ್ಲೂ ಬೇರೆ ಪ್ರೀಮಿಯಂ ಇದೆ. ಪಾಲಿಸಿ ಹಾಳೆಯಲ್ಲಿ ಟ್ರೇಲರಿನ ನಂಬರು ಮತ್ತು ಮೌಲ್ಯ ನಮೂದಾಗದಿದ್ದರೆ ಕಂಪನಿಯ ದೃಷ್ಟಿಯಲ್ಲಿ ಅದು ವಿಮೆಯಿಲ್ಲದ ವಾಹನ. ಪಲ್ಟಿಯಾದದ್ದು ಟ್ರೇಲರೇ ಆಗಿದ್ದು ಟ್ರ್ಯಾಕ್ಟರಿಗೆ ಮಾತ್ರ ವಿಮೆ ಇದ್ದರೆ ಹೊಣೆ ಯಾರದು ಎಂಬ ಬಗ್ಗೆ ತೀರ್ಪುಗಳು ಒಂದೇ ತೆರನಾಗಿಲ್ಲ. ಆ ಅನಿಶ್ಚಯವನ್ನು ತಪ್ಪಿಸಲು ತಗಲುವ ಹಣ ಹೆಚ್ಚೇನಲ್ಲ.

ಕಬ್ಬಿನ ಹಂಗಾಮಿನಲ್ಲಿ ಇದು ಇನ್ನಷ್ಟು ತೊಡಕಾಗುತ್ತದೆ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ ಕಟ್ಟಿ, ಪಕ್ಕದ ಹಲಗೆಗಳ ಮೇಲಕ್ಕೂ ಕಬ್ಬು ಹೇರಿ ರಾತ್ರಿ ಕಾರ್ಖಾನೆಗೆ ಹೊರಡುವುದು ಉತ್ತರ ಕರ್ನಾಟಕದಲ್ಲಿ ಮಾಮೂಲು. ಮುಂದಿನ ಟ್ರಾಲಿ ಪಾಲಿಸಿಯಲ್ಲಿರುತ್ತದೆ, ಹಿಂದಿನದು ಯಾರದೋ ಆಗಿರುತ್ತದೆ. ಕಾನೂನು ಒಪ್ಪುವುದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವಾಗ ರಕ್ಷಣೆ ಇಲ್ಲ ಎಂಬ ಷರತ್ತು ಪಾಲಿಸಿಯಲ್ಲಿ ಅಚ್ಚಾಗಿಯೇ ಬಂದಿರುತ್ತದೆ. ಹಿಂದಿನ ಟ್ರಾಲಿಗೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ ಎಂದಾದರೆ, ಹಿಂದಿನಿಂದ ಬಂದು ಗುದ್ದಿದ ಬೈಕಿನವನದೇ ತಪ್ಪು ಎಂದು ವಾದಿಸುವುದು ಕಷ್ಟ.

ಹಂಗಾಮು ಮುಗಿದ ಮೇಲಿನ ರೂಢಿಯೂ ನಷ್ಟದ್ದೇ. ಶೆಡ್ಡಿನಲ್ಲಿ ನಿಂತ ಗಾಡಿಗೆ ಏಕೆ ವಿಮೆ ಎಂದು ನವೀಕರಣವನ್ನು ಮುಂದೂಡುವವರು ಬಹಳ. ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮಿಲ್ಲದ ವರ್ಷಗಳಿಗೆ ಸಿಗುತ್ತಿದ್ದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮು ಮಾಡದವನಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅದು ಅರ್ಧದಷ್ಟು ರಿಯಾಯಿತಿ. ನಿಂತ ಟ್ರ್ಯಾಕ್ಟರಿಗೆ ಬೆಂಕಿ ಮತ್ತು ಕಳ್ಳತನದ ಭಯವಂತೂ ಇದ್ದೇ ಇದೆ. ಪಾಲಿಸಿಯನ್ನು ಕೈಬಿಡುವುದಕ್ಕಿಂತ ಒಳ್ಳೆಯ ದಾರಿ ಹಳೆಯ ಮೋಟಾರು ಸುಂಕ ನಿಯಮಗಳಲ್ಲೇ ಇದೆ. ಕನಿಷ್ಠ ಎರಡು ತಿಂಗಳು ಒಂದೇ ಸಮನೆ ವಾಹನವನ್ನು ನಿಲ್ಲಿಸುವುದಾಗಿ ಬರವಣಿಗೆಯಲ್ಲಿ ತಿಳಿಸಿದರೆ, ಆ ಅವಧಿಗೆ ಓಡಾಟದ ರಕ್ಷಣೆಯನ್ನು ತಡೆಹಿಡಿದು, ಬೆಂಕಿ ಕಳ್ಳತನಗಳನ್ನು ಉಳಿಸಿಕೊಂಡು, ಪ್ರೀಮಿಯಂನ ಒಂದು ಭಾಗವನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಡುವ ವ್ಯವಸ್ಥೆ ಅದು. ಏಜೆಂಟರು ತಾವಾಗಿ ಹೇಳುವುದು ವಿರಳ, ಕೇಳಬೇಕು. ಆ ಅವಧಿಯಲ್ಲಿ ‘ಬರೀ ಊರೊಳಗೆ’ ಎಂದು ಒಮ್ಮೆ ಹೊರತೆಗೆದರೂ ಅದು ವಿಮೆಯಿಲ್ಲದ ಓಡಾಟ.

ಸ್ವಂತ ಹಾನಿಯ ಕ್ಲೇಮಿನಲ್ಲಿ ಹಣ ಎಲ್ಲಿ ಸೋರುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಟ್ರ್ಯಾಕ್ಟರಿನ ಈಗಿನ ಶೋರೂಂ ಬೆಲೆ 8 ಲಕ್ಷ, ವಯಸ್ಸು ಮೂರೂವರೆ ವರ್ಷ ಎನ್ನೋಣ. ಮೂರು ದಾಟಿ ನಾಲ್ಕರೊಳಗಿನ ವಾಹನಕ್ಕೆ ಶೇ 40 ಸವಕಳಿ. ಆದ್ದರಿಂದ ವಿಮಾ ಮೌಲ್ಯ 4 ಲಕ್ಷ 80 ಸಾವಿರ. ಬದುವಿನ ಮೇಲೆ ಚಕ್ರ ಹತ್ತಿ ಅದು ಪಕ್ಕಕ್ಕೆ ಮಗುಚುತ್ತದೆ. ರಿಪೇರಿ ಅಂದಾಜು 1 ಲಕ್ಷ 20 ಸಾವಿರ: ಬಾನೆಟ್, ಮಡ್‌ಗಾರ್ಡ್, ದೀಪ, ಟೈರಿಗೆ 40 ಸಾವಿರ, ಸ್ಟೀರಿಂಗ್, ಆಕ್ಸಲ್ ಮುಂತಾದ ಲೋಹದ ಭಾಗಗಳಿಗೆ 60 ಸಾವಿರ, ಕೂಲಿ 20 ಸಾವಿರ. ವಾಣಿಜ್ಯ ವಾಹನದ ಸಾಮಾನ್ಯ ಪಾಲಿಸಿಯಲ್ಲಿ ಬಾನೆಟ್, ಮಡ್‌ಗಾರ್ಡ್, ದೀಪ, ಟೈರು, ಬಣ್ಣ ಸೇರಿರುವುದಿಲ್ಲ. ಮೊದಲ 40 ಸಾವಿರ ಅಲ್ಲಿಗೇ ಹೋಯಿತು. ಲೋಹದ ಭಾಗಗಳಿಗೆ ಈ ವಯಸ್ಸಿನಲ್ಲಿ ಶೇ 25 ಕಡಿತ, ಉಳಿದದ್ದು 45 ಸಾವಿರ. ಕೂಲಿ ಪೂರ್ತಿ ಸಿಗುತ್ತದೆ. ಒಟ್ಟು 65 ಸಾವಿರ, ಅದರಲ್ಲೂ ಪಾಲಿಸಿಯ ಕಡ್ಡಾಯ ಕಡಿತ ಹೋಗಬೇಕು. ಮಗುಚಿದ ಟ್ರ್ಯಾಕ್ಟರಿನಲ್ಲಿ ಮೊದಲು ಜಜ್ಜಿಹೋಗುವುದೇ ಮಡ್‌ಗಾರ್ಡ್ ಮತ್ತು ಬಾನೆಟ್. ಅವನ್ನು ಒಳಗೆ ತರುವ ಷರತ್ತಿನ ಹೆಸರು ಐಎಂಟಿ 23. ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಸುಮಾರು ಶೇ 15 ಹೆಚ್ಚು ಕಟ್ಟಬೇಕು, ಆಗಲೂ ಆ ಭಾಗಗಳ ನಷ್ಟದ ಅರ್ಧ ಸಾಮಾನ್ಯವಾಗಿ ಮಾಲೀಕನದೇ. ಆದರೂ ಹೊಸ ಟ್ರ್ಯಾಕ್ಟರಿಗೆ ಅದನ್ನು ಸೇರಿಸಿಕೊಳ್ಳುವುದು ಲೇಸು.

ಹಿಂದೆ ಕಟ್ಟಿದ ರೋಟವೇಟರ್, ಕಲ್ಟಿವೇಟರ್, ಒಕ್ಕಣೆ ಯಂತ್ರ ಟ್ರ್ಯಾಕ್ಟರಿನ ಭಾಗವಲ್ಲ. ಕಲ್ಲಿಗೆ ತಾಗಿ ರೋಟವೇಟರಿನ ಬ್ಲೇಡು ಮುರಿದರೆ, ಗೇರ್‌ಬಾಕ್ಸ್ ಸವೆದು ನಿಂತರೆ ಮೋಟಾರು ಪಾಲಿಸಿಯಲ್ಲಿ ಏನೂ ಸಿಗದು. ಯಂತ್ರದೊಳಗಿನ ಕೆಡುಕು, ಸವೆತ ಎರಡೂ ಹೊರಗಿನವು. ಹುಲ್ಲಿನ ಹೇರು ವಿದ್ಯುತ್ ತಂತಿಗೆ ತಾಗಿ ಬೆಂಕಿ ಹತ್ತಿದರೆ ಪ್ಯಾಕೇಜ್ ಪಾಲಿಸಿಯಲ್ಲಿ ಟ್ರ್ಯಾಕ್ಟರಿಗೂ ನಮೂದಾದ ಟ್ರೇಲರಿಗೂ ಪರಿಹಾರ ಉಂಟು, ಹುಲ್ಲಿಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಇರುವುದು ಜನರ ವಿಷಯದಲ್ಲಿ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು. ಮಡ್‌ಗಾರ್ಡ್ ಮೇಲೆ ಕೂತವರು, ಟ್ರಾಲಿಯಲ್ಲಿ ಹೊಲಕ್ಕೆ ಹೊರಟ ಕೂಲಿ ಹೆಂಗಸರು, ಜಾತ್ರೆಗೆ ಹೊರಟ ಮಕ್ಕಳು ಥರ್ಡ್ ಪಾರ್ಟಿಯ ರಕ್ಷಣೆಯಲ್ಲಿ ತಾವಾಗಿ ಸೇರುವುದಿಲ್ಲ. ಮಾಲೀಕನೇ ಓಡಿಸುವುದಾದರೆ, ಲೈಸೆನ್ಸ್ ಇದ್ದಲ್ಲಿ, ಅವನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. ಸಂಬಳದ ಚಾಲಕನಿಗಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ನಮೂದು ಮಾಡಿಸಬೇಕು. ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕವನ ವಿಷಯದಲ್ಲಿ, ಕಣದಲ್ಲಿ ಟ್ರ್ಯಾಕ್ಟರ್ ವಾಹನವಾಗಿರಲಿಲ್ಲ, ಯಂತ್ರ ತಿರುಗಿಸುವ ಎಂಜಿನ್ ಆಗಿತ್ತು ಎಂದು ಕಂಪನಿ ವಾದಿಸುವುದು ಹೆಚ್ಚು. ಅಂಥವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಾದರೂ ಇರಲಿ: ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಸಾವಿಗೆ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಟ್ರ್ಯಾಕ್ಟರಿನ ವಿಮೆ ನವೀಕರಿಸುವ ದಿನವೇ ಕೆಲಸದವರ ಬ್ಯಾಂಕ್ ಖಾತೆಗಳಿಗೆ ಈ ಯೋಜನೆಯನ್ನು ಜೋಡಿಸಿಕೊಡುವುದು ಮಾಲೀಕನಿಂದ ಸಾಧ್ಯವಿರುವ ಕೆಲಸ.