ಮೂವತ್ತೆರಡು ದಿನಗಳ ಏಪ್ರಿಲ್: ಮೂರು, ಐದು ಮತ್ತು ಎಣಿಕೆಯ ತಪ್ಪು ಕಲ್ಪನೆಗಳು

ತುಕ್ಕಾನಟ್ಟಿಯಲ್ಲಿರುವ ಅಕ್ಕನ ಮನೆಯ ಪಡಸಾಲೆ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಬಿಟ್ಟಿದೆ. ಹೋದ ಏಪ್ರಿಲ್‌ನ ಹಾಳೆಯಲ್ಲಿ ಅಕ್ಕನ ಮಗ ಪೆನ್ನಿನಿಂದ ಸುತ್ತು ಹಾಕಿದ್ದ. ಹೊಲದ ಒಂದು ಪಟ್ಟಿಯಲ್ಲಿ ಬದನೆ, ಇನ್ನೊಂದರಲ್ಲಿ ಕಬ್ಬು, ಎರಡಕ್ಕೂ ಹನಿ ನೀರಾವರಿ. ಬದನೆಗೆ ಪ್ರತಿ ಮೂರನೆಯ ದಿನ ನೀರು, ಅದಕ್ಕೆ ಕೆಂಪು ಸುತ್ತು. ಕಬ್ಬಿಗೆ ಪ್ರತಿ ಐದನೆಯ ದಿನ, ಅದಕ್ಕೆ ನೀಲಿ. ತಿಂಗಳಲ್ಲಿ ಬಾವಿಯ ಮೋಟಾರು ಎಷ್ಟು ದಿನ ಚಾಲೂ ಇರುತ್ತದೆ ಎಂಬುದು ಪ್ರಶ್ನೆ.

ಹುಡುಗ ಪಿಯುಸಿ ಮೊದಲ ವರ್ಷದವನು. ಬಾಯಲ್ಲೇ ಲೆಕ್ಕ ಹಾಕಿದ. “ಮೂರರದು ಹತ್ತು, ಐದರದು ಆರು. ಹದಿನಾರ ದಿನಾ ಮೋಟರ ಚಾಲೂ ಇರತೈತಿ ನೋಡ್ರಿ ಮಾಮಾ.” ಒಳಗಿನಿಂದ ಅಕ್ಕ ಬಂದಳು. ಅವಳು ಸುತ್ತಿಲ್ಲದ ದಿನಗಳನ್ನು ಬೆರಳಿಟ್ಟು ಎಣಿಸಿದ್ದಳು. “ಅಲ್ಲೋ, ಹದಿನಾರ ದಿನಾ ಮೋಟರ ಬಂದ್ ಇರತೈತಿ. ನಾ ಎಣಿಸೇನಿ.” ಹುಡುಗನಿಗೆ ಕೇಳಿಸಿದ್ದು ಹದಿನಾರು ಮಾತ್ರ. “ನೋಡ್ರಿ, ಅವ್ವಂದೂ ಹದಿನಾರನ ಬಂತು!” ಎಂದ. ಚಾಲೂ ಹದಿನಾರು, ಬಂದ್ ಹದಿನಾರು. ಹಾಗಾದರೆ ಏಪ್ರಿಲ್‌ಗೆ ಮೂವತ್ತೆರಡು ದಿನ ಆಯಿತಲ್ಲೋ ಎಂದು ನಾನು ಕೇಳಿದಾಗ ಅವನ ಕಣ್ಣು ಮತ್ತೆ ಹಾಳೆಯ ಮೇಲೆ ಹೋಯಿತು. ಹದಿನೈದನೆಯ ತಾರೀಖಿಗೆ ಎರಡು ಸುತ್ತು, ಒಂದು ಕೆಂಪು, ಒಂದು ನೀಲಿ. ಮೂವತ್ತಕ್ಕೂ ಎರಡು.

ಒಂದರಿಂದ ಸಾವಿರದವರೆಗೆ ಮೂರರಿಂದ ಅಥವಾ ಐದರಿಂದ ಭಾಗವಾಗುವ ಸಂಖ್ಯೆಗಳು ಎಷ್ಟು ಎಂಬ ಪರಿಚಿತ ಪ್ರಶ್ನೆ ಇದೇ ಕ್ಯಾಲೆಂಡರನ್ನು ಸಾವಿರ ದಿನಕ್ಕೆ ಎಳೆದದ್ದು. ಜನ ಎಡವುವುದೂ ಅದೇ ಜಾಗಗಳಲ್ಲಿ.

ತಪ್ಪು ಕಲ್ಪನೆ: ಮೂರರ ಮಗ್ಗಿಯಲ್ಲಿ ಬರುವವು 333, ಐದರ ಮಗ್ಗಿಯಲ್ಲಿ ಬರುವವು 200. ಕೂಡಿಸಿದರೆ ಉತ್ತರ 533.

ಎರಡೂ ಎಣಿಕೆ ಸರಿ. ಸಾವಿರವನ್ನು ಮೂರರಿಂದ ಭಾಗಿಸಿದರೆ 333 ಬಂದು ಒಂದು ಉಳಿಯುತ್ತದೆ. ಮೂರರ ಕೊನೆಯ ಸಂಖ್ಯೆ 999, ಮುಂದಿನದು 1002, ಅದು ಗಡಿಯಾಚೆ. ಐದರದು ಸಾವಿರಕ್ಕೇ ಬಂದು ನಿಲ್ಲುತ್ತದೆ, ಸರಿಯಾಗಿ 200. ತಪ್ಪಾದದ್ದು ಕೂಡಿಸಿದ ಕಡೆ. 15, 30, 45 ಹೀಗೆ ಎರಡೂ ಮಗ್ಗಿಯಲ್ಲಿ ಬರುವವು ಕೆಂಪು ಸುತ್ತಿನ ಲೆಕ್ಕದಲ್ಲಿ ಒಮ್ಮೆ, ನೀಲಿ ಸುತ್ತಿನ ಲೆಕ್ಕದಲ್ಲಿ ಇನ್ನೊಮ್ಮೆ ಸೇರಿವೆ. ಅವು ಹದಿನೈದರ ಮಗ್ಗಿಯ ಸಂಖ್ಯೆಗಳು, 990ರವರೆಗೆ ಒಟ್ಟು 66. ಒಂದು ಸಲ ಹೆಚ್ಚಾಗಿ ಎಣಿಸಿದ ಆ 66ನ್ನು ಕಳೆಯಬೇಕು:

```
333 + 200 - 66 = 467
```

ಏಪ್ರಿಲ್‌ಗೆ 10 + 6 - 2, ಅಂದರೆ ಮೋಟಾರು ಹದಿನಾಲ್ಕು ದಿನ. ಗಣಗಳ ಪಾಠದಲ್ಲಿ ಇದೇ ಮಾತು ಸೂತ್ರದ ವೇಷದಲ್ಲಿರುತ್ತದೆ. ಹುಡುಗನಿಗೆ ಸೂತ್ರ ಬಾಯಿಪಾಠ ಬರುತ್ತಿತ್ತು. ಕ್ಯಾಲೆಂಡರಿನಲ್ಲಿ ಅದನ್ನು ಗುರುತು ಹಿಡಿಯಲು ಮಾತ್ರ ಆಗಿರಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನನ್ನು ಕಾಡಿದ್ದು ಅಕ್ಕನ ಹದಿನಾರು. ಸಾವಿರದ ಲೆಕ್ಕದಲ್ಲೂ ಅದೇ ಆಟ ನಡೆಯುತ್ತದೆ. ಮೂರರಿಂದಲೂ ಐದರಿಂದಲೂ ಭಾಗವಾಗದೆ ಉಳಿಯುವವು 1000 - 467, ಅಂದರೆ 533. ಕೂಡಿಸಿ ತಪ್ಪಾಗಿ ಪಡೆದ ಉತ್ತರವೂ 533! ತಪ್ಪು ಲೆಕ್ಕ ಹಾಕಿದವನು ಗುರುತಿಲ್ಲದ ಸಂಖ್ಯೆಗಳನ್ನು ಯಾರಿಂದಲೋ ಎಣಿಸಿ ತಾಳೆ ನೋಡಿದರೆ ಅದೇ ಅಂಕಿ ಎದುರಾಗುತ್ತದೆ. ಅದು ಬೇರೆಯದರ ಎಣಿಕೆ ಎಂಬುದನ್ನು ಮರೆತರೆ ತನ್ನದೇ ಸರಿ ಎಂದು ಗಟ್ಟಿಯಾಗಿ ನಂಬುತ್ತಾನೆ.

ಕಾಕತಾಳೀಯವೇ? ಅಲ್ಲ. ಹದಿನೈದು ದಿನದ ಒಂದು ಸುತ್ತನ್ನು ನೋಡಿ. ಅದರಲ್ಲಿ ಮೂರರ ದಿನಗಳು ಐದು, ಐದರ ದಿನಗಳು ಮೂರು, ಕೂಡಿಸಿದರೆ ಎಂಟು. ಯಾವ ಗುರುತೂ ಇಲ್ಲದ ದಿನಗಳು 1, 2, 4, 7, 8, 11, 13, 14. ಅವೂ ಎಂಟೇ. ಸಾವಿರದಲ್ಲಿ ಇಂಥ ಸುತ್ತು 66, 990ಕ್ಕೆ ಮುಗಿಯುತ್ತವೆ. ಉಳಿದ ಹತ್ತು ಸಂಖ್ಯೆಗಳಲ್ಲಿ 993, 995, 996, 999, 1000 ಗುರುತಿನವು, 991, 992, 994, 997, 998 ಗುರುತಿಲ್ಲದವು. ಅಲ್ಲೂ ಐದಕ್ಕೆ ಐದು. ಹೀಗಾಗಿ ಸಾವಿರದವರೆಗೂ ಎರಡು ಅಂಕಿಗಳು ಜೋಡಿಯಾಗಿ ಬರುತ್ತವೆ.

ಬೇರೆ ಜೋಡಿಗಳಲ್ಲಿ ಹೀಗಾಗುವುದಿಲ್ಲ. 3 ಮತ್ತು 7 ತೆಗೆದುಕೊಂಡರೆ 21ರ ಸುತ್ತಿನಲ್ಲಿ ಕೂಡಿಸಿದ್ದು ಹತ್ತು, ಗುರುತಿಲ್ಲದ್ದು ಹನ್ನೆರಡು. ಒಂದಕ್ಕಿಂತ ದೊಡ್ಡ ಸಾಮಾನ್ಯ ಭಾಜಕವಿಲ್ಲದ a ಮತ್ತು b ಎಂಬ ಎರಡು ಸಂಖ್ಯೆಗಳಿಗೆ, ab ದಿನಗಳ ಸುತ್ತಿನಲ್ಲಿ ಕೂಡಿಸಿ ಬರುವುದು a + b, ಗುರುತಿಲ್ಲದೆ ಉಳಿಯುವುದು (a - 1)(b - 1). ಎರಡೂ ಸಮವಾಗಬೇಕಾದರೆ ಲೆಕ್ಕ ಹೀಗೆ ನಿಲ್ಲುತ್ತದೆ:

```
(a - 2)(b - 2) = 3
```

ಗುಣಿಸಿದರೆ ಮೂರು ಬರುವ ಪೂರ್ಣ ಸಂಖ್ಯೆಗಳು ಒಂದು ಮತ್ತು ಮೂರು ಮಾತ್ರ. ಆಗ a ಮೂರು, b ಐದು, ಬೇರೆ ದಾರಿಯೇ ಇಲ್ಲ. ಪ್ರತಿ ಪೂರ್ಣ ಸುತ್ತಿನಲ್ಲೂ ತಪ್ಪು ಉತ್ತರಕ್ಕೆ ಸುಳ್ಳು ಸಾಕ್ಷಿ ಹೇಳುವ ಇಂಥ ಜೋಡಿ ಇದೊಂದೇ, ಮೇಷ್ಟ್ರುಗಳು ಉದಾಹರಣೆಗೆ ಆರಿಸಿಕೊಳ್ಳುವುದೂ ಇದನ್ನೇ! ಇದರಿಂದ ಪಾರಾಗುವ ಉಪಾಯ ಸುಲಭ. ಗುರುತಿನವು ಮತ್ತು ಗುರುತಿಲ್ಲದವು ಎರಡನ್ನೂ ಕೂಡಿಸಿ. 533 + 533 = 1066. ಸಾವಿರಕ್ಕಿಂತ ಹೆಚ್ಚಾದ 66 ಏನೆಂದು ಈಗ ಹೇಳಬೇಕಾಗಿಲ್ಲ.

ತಪ್ಪು ಕಲ್ಪನೆ: 66ನ್ನು ಕಳೆದೆವು, ಅಂದರೆ ಹದಿನೈದರ ಮಗ್ಗಿಯವು ಉತ್ತರದಿಂದ ಹೊರಗೆ ಹೋದವು.

ಇದರ ಹಿಂದೆ ‘ಅಥವಾ’ ಎಂಬ ಶಬ್ದದ ತಕರಾರಿದೆ. ಬಂದವರಿಗೆ ಚಹಾ ಅಥವಾ ಕಾಫಿ ಏನು ಬೇಕು ಎಂದು ಕೇಳಿದರೆ ಎರಡೂ ಲೋಟ ಕೊಡಿ ಎಂದು ಯಾರೂ ಹೇಳುವುದಿಲ್ಲ. ಆ ‘ಅಥವಾ’ ಎರಡರಲ್ಲಿ ಒಂದನ್ನು ಆರಿಸುವುದು. ಗಣಿತದ ‘ಅಥವಾ’ ಎರಡೂ ಇದ್ದರೂ ಒಪ್ಪುತ್ತದೆ. ಹೊಲದ ಲೆಕ್ಕದಲ್ಲಿ ಇದು ಸಲೀಸಾಗಿ ತಿಳಿಯುತ್ತದೆ. ಹದಿನೈದನೆಯ ದಿನ ಬದನೆಗೂ ಕಬ್ಬಿಗೂ ನೀರು ಬಿಡಬೇಕು, ಎರಡು ಪಾಳಿ ಒಟ್ಟಿಗೆ ಬಂದವೆಂದು ಆ ದಿನ ಯಾರೂ ಮೋಟಾರು ಬಂದ್ ಮಾಡುವುದಿಲ್ಲ. ಅದು ಚಾಲೂ ಇರುವ ದಿನವೇ, ಆದರೆ ಒಂದೇ ದಿನ. 66 ಸಂಖ್ಯೆಗಳನ್ನು ಎರಡು ಸಲ ಎಣಿಸಿ ಒಂದು ಸಲ ಕಳೆದ ಮೇಲೆ ಅವು ಒಂದು ಸಲದ ಲೆಕ್ಕಕ್ಕೆ ಉತ್ತರದಲ್ಲೇ ಉಳಿಯುತ್ತವೆ. ಮೂರರಿಂದ ಮಾತ್ರ ಅಥವಾ ಐದರಿಂದ ಮಾತ್ರ ಭಾಗವಾಗುವವು ಬೇಕೆಂದರೆ ಪ್ರಶ್ನೆಯೇ ಬೇರೆ. ಆಗ 66ನ್ನು ಎರಡು ಸಲ ಕಳೆಯಬೇಕು, ಉತ್ತರ 401.

ತಪ್ಪು ಕಲ್ಪನೆ: ಇಷ್ಟೆಲ್ಲ ಯಾಕೆ, ಹದಿನೈದರಲ್ಲಿ ಏಳು ಎಂದು ಗುಣಿಸಿ ದುಂಡು ಮಾಡಿದರಾಯಿತು.

ಹದಿನೈದರ ಪ್ರತಿ ಸುತ್ತಿನಲ್ಲಿ ಗುರುತಿನ ಸಂಖ್ಯೆ ಏಳು, ಅದು ನಿಜ. 1000ವನ್ನು 7ರಿಂದ ಗುಣಿಸಿ 15ರಿಂದ ಭಾಗಿಸಿದರೆ 466.67 ಬರುತ್ತದೆ, ದುಂಡು ಮಾಡಿದರೆ 467. ಉತ್ತರ ಸರಿ ಬಂತೆಂದು ದಾರಿ ಸರಿ ಎನ್ನುವಂತಿಲ್ಲ. ಹದಿನಾಲ್ಕರವರೆಗೆ ಇದನ್ನೇ ಮಾಡಿ ನೋಡಿ: 6.53 ಬಂದು ಏಳಾಗುತ್ತದೆ. ಬೆರಳು ಮಡಚಿ ಎಣಿಸಿದರೆ 3, 5, 6, 9, 10, 12, ಆರೇ ಇವೆ. ಸಂಖ್ಯೆಗಳು ಸುತ್ತಿನೊಳಗೆ ಸಮ ಅಂತರದಲ್ಲಿ ಕೂತಿಲ್ಲ, ಹೀಗಾಗಿ ಸುತ್ತಿನ ನಡುವೆ ನಿಂತಾಗ ಸರಾಸರಿ ಕೈಕೊಡುತ್ತದೆ. ಮೂರು ಭಾಗಾಕಾರಗಳನ್ನೂ ಬೇರೆ ಬೇರೆಯಾಗಿ ಮಾಡಿ, ಪ್ರತಿಯೊಂದರ ಶೇಷವನ್ನು ಅಲ್ಲಲ್ಲೇ ಬಿಟ್ಟು, ಆಮೇಲೆ ಕೂಡಿಸಿ ಕಳೆಯುವುದೇ ದಾರಿ.

ತಪ್ಪು ಕಲ್ಪನೆ: ಕಂಪ್ಯೂಟರ್ ಎಣಿಸಿದ ಮೇಲೆ ಅನುಮಾನವಿಲ್ಲ.

ಹುಡುಗ ಸುಮ್ಮನಾಗಲಿಲ್ಲ. ಕಾಲೇಜಿನಲ್ಲಿ ಕಲಿತ ಪೈಥಾನ್‌ನಲ್ಲಿ ಒಂದು ಸಾಲು ಬರೆದು ತಂದ.

```python
print(sum(1 for n in range(1, 1000) if n % 3 == 0 or n % 5 == 0))
```

ಬಂದದ್ದು 466. “ನಿಮ್ಮದೂ ತಪ್ಪೈತಿ ಮಾಮಾ” ಎಂದು ನಕ್ಕ. ಈ ಸಲ ಎಡವಿದ್ದು ಕೂಡಿಸುವುದರಲ್ಲಲ್ಲ, ಗಡಿಯಲ್ಲಿ. `range(1, 1000)` ಸಾವಿರವನ್ನು ಮುಟ್ಟುವುದಿಲ್ಲ, 999ಕ್ಕೆ ನಿಲ್ಲುತ್ತದೆ. ಸಾವಿರ ಐದರ ಮಗ್ಗಿಯದು, ಅದೊಂದು ತಪ್ಪಿಹೋಯಿತು. `range(1, 1001)` ಎಂದು ತಿದ್ದಿದಾಗ 467 ಬಂತು. ಸಾವಿರದವರೆಗೆ ಮತ್ತು ಸಾವಿರಕ್ಕಿಂತ ಕಡಿಮೆ ಎಂಬ ಮಾತುಗಳ ನಡುವೆ ಇಲ್ಲಿ ಒಂದು ಸಂಖ್ಯೆಯ ಅಂತರವಿದೆ. 999ರವರೆಗೆ ಮಾತ್ರ ಎಣಿಸಿದರೆ ಮೇಲೆ ಹೇಳಿದ ಜೋಡಿಯಾಟವೂ ಮುರಿಯುತ್ತದೆ: ಕೂಡಿಸಿದ್ದು 532, ಉಳಿದದ್ದು 533.

ಇನ್ನೊಂದು ತುದಿಯಲ್ಲೂ ಗಡಿ ಇದೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಸ್ವಾಭಾವಿಕ ಸಂಖ್ಯೆ ಒಂದರಿಂದ, ಪೂರ್ಣ ಸಂಖ್ಯೆ ಸೊನ್ನೆಯಿಂದ ಶುರು. ಸೊನ್ನೆ ಮೂರರಿಂದಲೂ ಐದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಪ್ರಶ್ನೆ ಸೊನ್ನೆಯನ್ನೂ ಸೇರಿಸಿಕೊಂಡರೆ ಉತ್ತರ 468. ಎಣಿಸುವ ಮುನ್ನ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂದು ಬರೆದಿಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ತಪ್ಪು ಕಲ್ಪನೆ: ಕಳೆಯಬೇಕಾದ್ದು ಯಾವಾಗಲೂ ಎರಡರ ಗುಣಲಬ್ಧದ ಮಗ್ಗಿ.

ಮೂರು ಐದಲೆ ಹದಿನೈದು ಎಂಬುದು ಇಲ್ಲಿ ಸರಿಹೋಯಿತು, ಏಕೆಂದರೆ ಮೂರಕ್ಕೂ ಐದಕ್ಕೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ. ಎರಡೂ ಗುರುತು ಬೀಳುವ ಸಂಖ್ಯೆಗಳನ್ನು ಹೇಳುವುದು ಲ.ಸಾ.ಅ., ಗುಣಲಬ್ಧ ಅಲ್ಲ. ಮುಂದಿನ ಹಂಗಾಮಿಗೆ ಅಕ್ಕ ಒಂದು ಪಟ್ಟಿಗೆ ನಾಲ್ಕು ದಿನಕ್ಕೊಮ್ಮೆ, ಇನ್ನೊಂದಕ್ಕೆ ಆರು ದಿನಕ್ಕೊಮ್ಮೆ ನೀರು ಬಿಡುವ ಮಾತಾಡುತ್ತಿದ್ದಾಳೆ. ನಾಲ್ಕು ಆರಲೆ ಇಪ್ಪತ್ತನಾಲ್ಕು ಎಂದು ಹಿಡಿದರೆ ಮೂವತ್ತು ದಿನಕ್ಕೆ 7 + 5 - 1 = 11 ಎಂದಾಗುತ್ತದೆ. ಆದರೆ ಹನ್ನೆರಡನೆಯ ತಾರೀಖಿಗೇ ಎರಡು ಸುತ್ತು ಬಿದ್ದಿರುತ್ತವೆ, ಇಪ್ಪತ್ತನಾಲ್ಕಕ್ಕೂ. ಮೋಟಾರು ನಡೆಯುವುದು ಹತ್ತೇ ದಿನ. ಸಾವಿರದವರೆಗೆ ಇದೇ ತಪ್ಪು ಮಾಡಿದರೆ 333ರ ಬದಲು 375 ಬಂದು ಕೂರುತ್ತದೆ.

ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಕ್ಯಾಲೆಂಡರ್ ಇಳಿಸಿ, ಎರಡು ಬಣ್ಣದ ಪೆನ್ನು ತೆಗೆದುಕೊಂಡು ನಾಲ್ಕಕ್ಕೂ ಆರಕ್ಕೂ ಸುತ್ತು ಹಾಕಿ, ಸುತ್ತು ಬಿದ್ದ ತಾರೀಖುಗಳನ್ನು ಎಣಿಸಿ ನೋಡಿ. ಸುತ್ತುಗಳನ್ನಲ್ಲ, ತಾರೀಖುಗಳನ್ನು.