ಇಎಲ್ ಲೆಕ್ಕ: 240 ಹೋಗಿ 180 ಬಂತು

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆ. ಲೈನ್ ನಿಲ್ಲಿಸಿ ಎಲ್ಲರನ್ನೂ ಕ್ಯಾಂಟೀನಿಗೆ ಕರೆದಿದ್ದರು. ಎಚ್‌ಆರ್ ಮುಖ್ಯಸ್ಥೆ ಮೈಕ್ ಹಿಡಿದು ನೇರವಾಗಿ ಲೆಕ್ಕಕ್ಕೇ ಬಂದರು. "ಇಷ್ಟು ದಿನ ಇಎಲ್ ಬೇಕಾದ್ರೆ ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕಿತ್ತು. ಇನ್ನು 180 ಸಾಕು."

240 ದಿನದ ಷರತ್ತು 1948ರ ಕಾರ್ಖಾನೆಗಳ ಕಾಯ್ದೆಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಅದನ್ನು 180ಕ್ಕೆ ಇಳಿಸಿದೆ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳಸಹಿತ ರಜೆ ಎಂಬುದು ಮಾತ್ರ ಹಳೆಯದೇ. ಅಮ್ಮನ ಆರೈಕೆಗೆಂದು ಊರಲ್ಲಿ ಉಳಿದು ವರ್ಷದಲ್ಲಿ 200 ದಿನ ಮಾತ್ರ ಬಂದವಳಿಗೆ ಹಿಂದೆ ಒಂದು ದಿನವೂ ಸಿಗುತ್ತಿರಲಿಲ್ಲ. ಈಗ 10 ದಿನ ಸಿಗುತ್ತದೆ. ನಡುವೆ ಬರುವ ವಾರದ ರಜೆ, ಹಬ್ಬದ ರಜೆಗಳನ್ನು ಈ ಹತ್ತರಿಂದ ಕಳೆಯುವಂತಿಲ್ಲ.

"ಮೇಡಂ, ಹೆರಿಗೆ ರಜೆ ಹಾಕಿದ್ರೆ?" ಎಂದಳು ಹಿಂದಿನ ಬೆಂಚಿನವಳು. ಜನ ತಪ್ಪು ತಿಳಿಯುವುದು ಇಲ್ಲೇ. 26 ವಾರದ ಹೆರಿಗೆ ರಜೆ ಎಂದರೆ 182 ದಿನ. 180ರ ಗಡಿ ದಾಟಲು ಅವೂ ಲೆಕ್ಕಕ್ಕೆ ಬರುತ್ತವೆ, ಆದರೆ ಅವುಗಳಿಂದ ಹೊಸ ರಜೆ ಹುಟ್ಟುವುದಿಲ್ಲ. ಉಳಿದ ತಿಂಗಳುಗಳಲ್ಲಿ 100 ದಿನ ದುಡಿದಿದ್ದರೆ ಅದಕ್ಕೆ 5 ದಿನ, ಅಷ್ಟೇ. ಆದರೂ ಅರ್ಹತೆಯೇ ತಪ್ಪಿತು ಎಂದು ಯಾರೂ ಹೇಳುವಂತಿಲ್ಲ.

ವರ್ಷದ ನಡುವೆ ಸೇರಿದವರದು ಬೇರೆ ಲೆಕ್ಕ. ಜುಲೈ 1ಕ್ಕೆ ಸೇರಿದರೆ ವರ್ಷದಲ್ಲಿ ಉಳಿಯುವುದು 184 ದಿನ. ಅದರ ಕಾಲು ಭಾಗ, ಅಂದರೆ 46 ದಿನ ಬಂದಿದ್ದರೆ ಸಾಕು.

ಮಿಕ್ಕ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಗರಿಷ್ಠ 30 ದಿನ. ಖಾತೆಯಲ್ಲಿ 35 ಇದ್ದರೆ ಮೇಲಿನ 5ಕ್ಕೆ ದುಡ್ಡು ಕೇಳಿ ಪಡೆಯಬಹುದು. ಕಾರ್ಮಿಕರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಇನ್ನೊಂದು ಮಾತನ್ನು ಅವರು ತುಸು ತಗ್ಗಿದ ದನಿಯಲ್ಲಿ ಹೇಳಿದರು ಅನ್ನಿಸಿತು: ನಿಯಮದಂತೆ ಕೇಳಿದ ರಜೆಯನ್ನು ಕಂಪನಿ ಕೊಡದಿದ್ದರೆ ಅದಕ್ಕೆ 30ರ ಮಿತಿಯೇ ಇಲ್ಲ, ಅಷ್ಟೂ ಮುಂದಕ್ಕೆ ಹೋಗಬೇಕು. ಆದರೆ ಲೈನಿನಲ್ಲಿ ರಜೆ ಕೇಳುವುದೂ ಬಾಯಲ್ಲೇ, "ಶಿಪ್‌ಮೆಂಟ್ ಇದೆ, ಆಮೇಲೆ ನೋಡೋಣ" ಎನ್ನುವುದೂ ಬಾಯಲ್ಲೇ. ಅರ್ಜಿ ಕೊಟ್ಟ ಗುರುತೇ ಇಲ್ಲದಿದ್ದರೆ ನಿರಾಕರಿಸಿದ್ದನ್ನು ತೋರಿಸುವುದು ಹೇಗೆ? "ಬರೆದು ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಕೊಳ್ಳಿ" ಎಂದರು ಮುಖ್ಯಸ್ಥೆ. ಸಾಲಿನಲ್ಲಿದ್ದ ಸೂಪರ್‌ವೈಸರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರಲ್ಲೊಬ್ಬರು ಕೊನೆಗೆ ಕೈ ಎತ್ತಿದರು: "ಇದೆಲ್ಲ ನಮಗೂ ಉಂಟಾ?" ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರು ಸಂಹಿತೆಯ ಪ್ರಕಾರ ಕಾರ್ಮಿಕರಲ್ಲ. ಅವರ ರಜೆ ಕಂಪನಿ ಕೊಟ್ಟ ನೇಮಕಾತಿ ಪತ್ರದಲ್ಲಿ ಇದ್ದಷ್ಟೇ.