ಕಡಲ ನೀರಿಗೆ ಒಡೆಯುವ ಹಾಲು

ಅಕ್ಕನ ಮಗಳಿಗೆ ಗೋಧಿ ಆಗಿಬರುವುದಿಲ್ಲ. ಸೀಲಿಯಾಕ್ ಎಂದು ಗೊತ್ತಾದ ದಿನದಿಂದ ಚಪಾತಿ, ಶಾವಿಗೆ, ರವೆ ಉಪ್ಪಿಟ್ಟು ಎಲ್ಲವೂ ನಿಂತವು. ಈಗ ಅವಳು ಓದುತ್ತಿರುವುದು ದಕ್ಷಿಣ ಕೊರಿಯಾದಲ್ಲಿ. ಅಲ್ಲಿನ ಪೂರ್ವ ಕರಾವಳಿಯ ಗಾಂಗ್ನುಂಗ್ ನಗರಕ್ಕೆ ಸೇರಿದ ಚೋದಾಂಗ್ ಎಂಬ ಊರಿಗೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಆ ಊರು ತೋಫುವಿಗೆ ಹೆಸರುವಾಸಿ. ಪುಟ್ಟ ಅಂಗಡಿಯೊಂದರ ಅಜ್ಜಿಯನ್ನು ಅವಳು ಮೊದಲು ಕೇಳಿದ್ದು, ‘ಇದಕ್ಕೆ ಏನೇನು ಹಾಕುತ್ತೀರಿ ಅಜ್ಜಿ?’ ಎಂದು. ಅಜ್ಜಿ ಮೂರು ಬೆರಳು ಮಡಚಿದರು: ಸೋಯಾ ಕಾಳು, ಸಿಹಿನೀರು, ಸಮುದ್ರದ ನೀರು.

ಊರಿನ ಹೆಸರಿನ ಕಥೆಯನ್ನೂ ಅಜ್ಜಿಯೇ ಹೇಳಿದರು. ಚೋದಾಂಗ್ ಎಂಬುದು 16ನೇ ಶತಮಾನದ ಅಧಿಕಾರಿ ಹೋ ಯೋಪ್ ಅವರ ಅಂಕಿತನಾಮ. ಕವಯಿತ್ರಿ ನಾನ್‌ಸೊಲ್‌ಹೊನ್ ಈ ಅಧಿಕಾರಿಯ ಮಗಳು. ಹೋ ಯೋಪ್ ಅವರ ಮನೆಯ ಬಾವಿನೀರು ಬಹಳ ರುಚಿಯಂತೆ, ಉಪ್ಪು ಮಾತ್ರ ದುರ್ಲಭವಂತೆ. ಹಾಗಾಗಿ ಸೋಯಾ ಹಾಲು ಒಡೆಸಲು ಎದುರಿಗಿದ್ದ ಸಮುದ್ರದ ನೀರನ್ನೇ ತರಿಸಿದರಂತೆ. ಮುಂದೆ ಕೊರಿಯಾ ಯುದ್ಧ ಮುಗಿದ ಮೇಲೆ ಈ ಊರಿನ ಹೆಂಗಸರು ಇದೇ ತೋಫು ಮಾರಿ ಸಂಸಾರ ನಡೆಸಿದರು.

ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತಾರೆ. ಬೆಳಿಗ್ಗೆ ಅಜ್ಜಿ ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿದರು. ಬೇಳೆಯ ಒಳಮೈ ನಡುವೆ ತಗ್ಗಿಲ್ಲದೆ ಸಮತಟ್ಟಾಗಿದ್ದರೆ ನೆನೆದಿದೆ ಎಂದರ್ಥ. ರುಬ್ಬಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿದರೆ ಹಾಲು ಒಂದು ಕಡೆ, ಬೀಜಿ ಎಂದು ಕರೆಯುವ ಚರಟ ಇನ್ನೊಂದು ಕಡೆ. ಕುದಿಸುವುದರಲ್ಲಿ ಅವಸರ ಕೂಡದು. ಚೆನ್ನಾಗಿ ಕಾಯದಿದ್ದರೆ ಕಾಳಿನ ಪ್ರೋಟೀನು ಬಿಚ್ಚಿಕೊಳ್ಳುವುದಿಲ್ಲ, ಆಮೇಲೆ ಏನು ಸುರಿದರೂ ಹಾಲು ಸರಿಯಾಗಿ ಕಟ್ಟುವುದಿಲ್ಲ.

ಕುದಿ ಇಳಿದು ಹಾಲು ಸುಮಾರು 80 ಡಿಗ್ರಿಗೆ ಬಂದಾಗ ಅಜ್ಜಿ ಸೌಟಿನಿಂದ ಕಡಲ ನೀರನ್ನು ಸ್ವಲ್ಪಸ್ವಲ್ಪವೇ ಬಿಟ್ಟರು. ಒಮ್ಮೆ ಬಿಟ್ಟು, ಮೆಲ್ಲಗೆ ತಿರುವಿ, ಕಾದು, ಮತ್ತೆ ಬಿಟ್ಟರು. ನೋಡುತ್ತಿದ್ದಂತೆ ಹಾಲಿನಲ್ಲಿ ಮೋಡ ಕಟ್ಟಿದ ಹಾಗಾಯಿತು. ಕಡಲ ನೀರಿನಲ್ಲಿರುವ ಮೆಗ್ನೀಸಿಯಂ, ಒಂದನ್ನೊಂದು ದೂಡುತ್ತಿದ್ದ ಪ್ರೋಟೀನಿನ ಕಣಗಳನ್ನು ಹಿಡಿದು ಜೋಡಿಸುತ್ತದೆ. ಮೋಡಗಳ ನಡುವಿನ ನೀರು ತಿಳಿಹಳದಿಯಾಗಿ ಕಂಡರೆ ಹದ ಬಂತು. ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಸಾಲದು. ಹೆಚ್ಚಾದರೆ ತೋಫು ಗಡುಸಾಗಿ ಕಹಿಯಾಗುತ್ತದೆ. ಒತ್ತಿ ನೀರು ಬಸಿಯದೆ ಹಾಗೆಯೇ ಬಟ್ಟಲಿಗೆ ಬಡಿಸುವ ಈ ಮೆದುವಾದ ಮೋಡಕ್ಕೆ ಸುಂದುಬು ಎಂದು ಹೆಸರು.

ಜಪಾನಿನ ನಿಗರಿ ಇದೇ ವಂಶದ್ದು. ಸಮುದ್ರದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿದ್ರವ ಅದು. ಚೀನಾದಲ್ಲಿ ಜಿಪ್ಸಂ ಬಹಳ ಹಳೆಯ ರೂಢಿ. ಅದು ನೀರಿನಲ್ಲಿ ನಿಧಾನವಾಗಿ ಕರಗುವುದರಿಂದ ತೋಫು ನುಣುಪಾಗಿ ಕಟ್ಟುತ್ತದೆ. ಡಬ್ಬಿಯಲ್ಲೇ ಹೆಪ್ಪುಗಟ್ಟುವ ರೇಷ್ಮೆಯಂಥ ತೋಫುವಿಗೆ ಕಾರ್ಖಾನೆಯವರು ಗ್ಲುಕೋನೊ ಡೆಲ್ಟಾ ಲ್ಯಾಕ್ಟೋನ್ ಹಾಕುತ್ತಾರೆ. ಬಿಸಿಯಲ್ಲಿ ಅದು ಮೆಲ್ಲಗೆ ಹುಳಿಯಾಗುತ್ತದೆ. ಪನೀರಿಗೆ ಮಾಡುವಂತೆ ನಿಂಬೆಹುಳಿ ಹಿಂಡಿಯೂ ಒಡೆಸಬಹುದು, ಹುಳಿ ವಾಸನೆ ಸ್ವಲ್ಪ ಉಳಿಯುತ್ತದೆ. ಉಪ್ಪೋ ಹುಳಿಯೋ, ಇವುಗಳಲ್ಲಿ ಯಾವುದರಲ್ಲೂ ಗೋಧಿಯಿಲ್ಲ. ಸೋಯಾ ಕಾಳಿನಲ್ಲೂ ಗ್ಲುಟೆನ್ ಇಲ್ಲ. ಗೋಧಿ ಸೋಂಕದ ಸಾದಾ ತೋಫುವನ್ನು ನಮ್ಮ ಹುಡುಗಿ ನಿಶ್ಚಿಂತೆಯಿಂದ ತಿನ್ನಬಹುದು.

ಭಯವೆಲ್ಲ ಬಟ್ಟಲಿನ ಸುತ್ತಮುತ್ತ ಇತ್ತು. ಸುಂದುಬು ಜೊತೆಗೆ ಬಂದ ಪುಟ್ಟ ಬೋಗುಣಿಯ ಸೋಯಾ ಸಾಸನ್ನು ಅವಳು ಮುಟ್ಟಲಿಲ್ಲ, ಕಾರ್ಖಾನೆಯ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಕುಡಿಯಲು ಇಟ್ಟಿದ್ದು ಬಾರ್ಲಿ ನೀರು, ಅದರಲ್ಲೂ ಗ್ಲುಟೆನ್. ಅಜ್ಜಿ ಒಳಗೆ ಹೋಗಿ, ಸೋಯಾ ಮತ್ತು ಉಪ್ಪಿನಿಂದಲೇ ಮನೆಯಲ್ಲಿ ಮಾಡಿದ ಹಳೆಯ ಸಾಸು ತಂದುಕೊಟ್ಟರು. ಹಿಟ್ಟಿನಲ್ಲಿ ಹೊರಳಿಸಿ ಕರಿದ ತೋಫು, ಮಸಾಲೆ ಹಚ್ಚಿದ ತೋಫು ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ನಮ್ಮಲ್ಲಿ ಗ್ಲುಟೆನ್ ಇಲ್ಲ ಎಂದು ಚೀಟಿ ಹಚ್ಚಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಆ ಚೀಟಿ ಹುಡುಕುವುದು ಒಳ್ಳೆಯದು, ಏಕೆಂದರೆ ಗೋಧಿ ಹಾದುಹೋದ ಗಿರಣಿಯಲ್ಲೇ ಸೋಯಾ ಕಾಳೂ ಹಾದಿರಬಹುದು. ಊರಿಗೆ ಬಂದಾಗ ತೋಫು ಪಲ್ಯಕ್ಕೆ ಅಕ್ಕ ಹಾಕುವ ಒಗ್ಗರಣೆಯನ್ನೂ ಹುಡುಗಿ ತಡೆಯುತ್ತಾಳೆ. ಅಂಗಡಿಯ ಕೂಟು ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯ.

ಅಜ್ಜಿಯ ಅತ್ತೆ ಬೆಳಗಿನ ಜಾವ ಕಡಲಿಗೆ ಹೋಗಿ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದರಂತೆ. ಈಗ ಶೋಧಿಸಿದ ಕಡಲ ನೀರು ಡ್ರಮ್ಮಿನಲ್ಲಿ ಬಾಗಿಲಿಗೇ ಬರುತ್ತದೆ. ಅಜ್ಜಿಯ ಮಗಳು ಸೋಲ್‌ನಲ್ಲಿ ಕೆಲಸದಲ್ಲಿದ್ದಾಳೆ, ರುಬ್ಬಲು ಯಂತ್ರವಿದೆ, ತಿರುವಲು ಅಜ್ಜಿ ಒಬ್ಬರೇ. ನಾವು ಹೊರಡುವಾಗ ಅವರು ಮರುದಿನದ ಕಾಳು ಅಳೆಯುತ್ತಿದ್ದರು.